ಈರುಳ್ಳಿ ಹೆಚ್ಚುವ ಜಾಗಕ್ಕೆ ಎರಡು ಕಂಪ್ಯೂಟರ್ ಫ್ಯಾನು

ನಮ್ಮ ಅಕ್ಕ ಮಂಡ್ಯದಲ್ಲಿ ಒಂದು ಸಣ್ಣ ಮೆಸ್ ನಡೆಸುತ್ತಾಳೆ. ಮಧ್ಯಾಹ್ನ ಮುದ್ದೆ, ಸಾರು, ಅನ್ನ. ಭಾನುವಾರ ಕೋಳಿ ಸಾರು. ದಿನಕ್ಕೆ ಐದು ಕೆಜಿ ಈರುಳ್ಳಿ ಬೇಕು, ಭಾನುವಾರ ಎಂಟು. ಬೆಳಗ್ಗೆ ಆರೂವರೆಗೆ ಅಕ್ಕ ನೆಲದ ಮೇಲೆ ಈಳಿಗೆಮಣೆ ಹಾಕಿಕೊಂಡು ಕೂರುತ್ತಾಳೆ. ಪಕ್ಕದ ಮೇಜಿನಲ್ಲಿ ಕೆಲಸಕ್ಕೆ ಬರುವ ಚಿಕ್ಕಮ್ಮ ಚಾಕು ಹಿಡಿಯುತ್ತಾರೆ. ಏಳು ಗಂಟೆ ಹೊತ್ತಿಗೆ ಇಬ್ಬರ ಕಣ್ಣೂ ಕೆಂಪು.

ನಾನು ಮಿಕ್ಸಿ, ಟಿವಿ ರಿಪೇರಿ ಮಾಡುವವನು. ಬೆಸುಗೆ ಹಾಕುವಾಗ ಹೊಗೆ ಮುಖಕ್ಕೆ ಬಾರದಿರಲಿ ಅಂತ ಮೇಜಿನ ಮೇಲೆ ಹಳೇ ಕಂಪ್ಯೂಟರಿನ ಒಂದು ಫ್ಯಾನ್ ಇಟ್ಟುಕೊಂಡಿದ್ದೇನೆ. ಅದನ್ನು ನೋಡಿ ಅಕ್ಕನೇ ಕೇಳಿದಳು: "ನಿಂಗೆ ಆಗೋದು ನಂಗ್ಯಾಕೆ ಆಗಲ್ಲ? ಒಂದು ಮಾಡ್ಕೊಡ್ಲಾ." ಒಂದು ದಿನದ ಕೆಲಸ ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು.

ಮೊದಲು, ಕಣ್ಣಿಗೆ ಬರುವುದೇನು ಅನ್ನುವುದು ಗೊತ್ತಿರಬೇಕು. ಅದು ಗೊತ್ತಿಲ್ಲದೆ ಫ್ಯಾನ್ ಎಲ್ಲಿಡಬೇಕು ಅನ್ನುವುದೂ ಗೊತ್ತಾಗುವುದಿಲ್ಲ. ಇಡೀ ಈರುಳ್ಳಿಯನ್ನು ಮೂಗಿನ ಹತ್ತಿರ ಹಿಡಿದರೂ ಕಣ್ಣು ಉರಿಯುವುದಿಲ್ಲ, ಅಲ್ವಾ? ಉರಿಸುವ ವಸ್ತು ಅದರೊಳಗೆ ಮೊದಲೇ ತಯಾರಾಗಿ ಇರುವುದಿಲ್ಲ. ಈರುಳ್ಳಿಯ ಒಂದೊಂದು ಜೀವಕೋಶದಲ್ಲೂ ಗಂಧಕ ಇರುವ ಒಂದು ವಸ್ತು ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ, ಗೋಡೆಯ ಆಚೀಚೆ ಇರುತ್ತವೆ. ಕುಯ್ದಾಗ ಗೋಡೆ ಒಡೆದು ಎರಡೂ ಬೆರೆಯುತ್ತವೆ. ಆಗ ಹುಟ್ಟುವ ವಸ್ತುವನ್ನು ಎರಡನೇ ಒಂದು ಕಿಣ್ವ ಹಿಡಿದು ಕಣ್ಣೀರು ತರಿಸುವ ಆವಿಯಾಗಿ ಮಾಡುತ್ತದೆ. ಈ ಎರಡನೇ ಹೆಜ್ಜೆ ತನ್ನಷ್ಟಕ್ಕೆ ತಾನೇ ಆಗುತ್ತದೆ ಅಂತ ಬಹಳ ಕಾಲ ನಂಬಿದ್ದರು. ಅದಕ್ಕೂ ಬೇರೆಯದೇ ಕಿಣ್ವ ಇದೆ ಅಂತ 2002ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. 2013ರಲ್ಲಿ ಅವರಿಗೆ ಇಗ್ ನೊಬೆಲ್ ಅನ್ನುವ ತಮಾಷೆಯ ಬಹುಮಾನವೂ ಸಿಕ್ಕಿತು.

ಆ ಆವಿ ಕಣ್ಣಿನ ಮೇಲ್ಪೊರೆಗೆ ತಗುಲಿದರೆ ಅಲ್ಲಿನ ನರ ಚುರುಕ್ ಅನ್ನುತ್ತದೆ. ಅದನ್ನು ತೊಳೆದು ಹಾಕಲು ಕಣ್ಣು ನೀರು ಸುರಿಸುತ್ತದೆ. ಅಂದರೆ ನಾವು ಕೈ ಹಾಕಬಹುದಾದ ಜಾಗ ಎರಡೇ. ಒಡೆಯುವ ಜೀವಕೋಶ ಕಡಿಮೆಯಾಗಬೇಕು, ಇಲ್ಲವೇ ಹುಟ್ಟಿದ ಆವಿ ಕಣ್ಣಿಗೆ ತಲುಪಬಾರದು. ಇವೆರಡರಲ್ಲಿ ಯಾವುದನ್ನೂ ಮುಟ್ಟದ ಉಪಾಯ ಬರೀ ಮಾತು. ಬಾಯಲ್ಲಿ ಬೆಂಕಿಕಡ್ಡಿ ಕಚ್ಚಿಕೊಳ್ಳುವುದು, ಪಕ್ಕದಲ್ಲಿ ಮೇಣದಬತ್ತಿ ಹಚ್ಚುವುದು, ನಮ್ಮಜ್ಜಿ ಮಾಡುತ್ತಿದ್ದ ಹಾಗೆ ತಲೆ ಮೇಲೆ ಈರುಳ್ಳಿ ಸಿಪ್ಪೆ ಇಟ್ಟುಕೊಳ್ಳುವುದು, ಎಲ್ಲ ಆ ಲೆಕ್ಕಕ್ಕೇ. ಅಜ್ಜಿ ಸಿಪ್ಪೆ ಇಟ್ಟುಕೊಂಡೇ ಅಳುತ್ತಿದ್ದರು.

ಮೂರನೇ ದಾರಿ ಒಂದಿದೆ, ಕಿಣ್ವವನ್ನೇ ಕೊಲ್ಲುವುದು. ಕೆಂಡದಲ್ಲಿ ಸುಟ್ಟ ಈರುಳ್ಳಿಯನ್ನು ಎಷ್ಟು ಜಜ್ಜಿದರೂ ಕಣ್ಣು ಉರಿಯುವುದಿಲ್ಲ. ಬಿಸಿಗೆ ಕಿಣ್ವ ಕೆಟ್ಟಿರುತ್ತದೆ. ರುಬ್ಬುವ ಮಸಾಲೆಗೆ ಇದು ಸರಿ. ಒಗ್ಗರಣೆಗೆ, ಪಕ್ಕದಲ್ಲಿ ನೆಂಚಿಕೊಳ್ಳಲು ಕೊಡುವ ಹಸಿ ಈರುಳ್ಳಿಗೆ ಆಗುವುದಿಲ್ಲ.

ಶುರು ಮಾಡುವ ಮುಂಚೆ ಒಂದು ಅಳತೆ ಬೇಕಿತ್ತು. ಕಣ್ಣೀರನ್ನು ಲೋಟದಲ್ಲಿ ಅಳೆಯಲು ಆಗುತ್ತದೆಯೇ? ಒಂದು ಕೆಜಿ ಹೆಚ್ಚಿ ಮುಗಿಸುವಷ್ಟರಲ್ಲಿ ಅಕ್ಕ ಎಷ್ಟು ಸಲ ಸೆರಗಲ್ಲಿ ಕಣ್ಣೊರೆಸಿಕೊಂಡಳು ಅಂತ ಎಣಿಸಿದೆ. ಒಂದೇ ಮೂಟೆಯ ಈರುಳ್ಳಿ, ದಿನದ ಮೊದಲ ಕೆಜಿ ಮಾತ್ರ. ಎರಡನೇ ಕೆಜಿ ಹೊತ್ತಿಗೆ ಕಣ್ಣು ಆಗಲೇ ಉರಿದಿರುತ್ತದೆ, ಕೋಣೆಯಲ್ಲೂ ಆವಿ ತುಂಬಿರುತ್ತದೆ, ಲೆಕ್ಕ ಹಾಳು. ಮೂಟೆ ಬದಲಾದರೂ ಖಾರ ಬದಲಾಗುತ್ತದೆ. ಬೆಳೆದ ಮಣ್ಣಲ್ಲಿ ಗಂಧಕ ಜಾಸ್ತಿ ಇದ್ದರೆ ಈರುಳ್ಳಿಯ ಘಾಟೂ ಜಾಸ್ತಿ. ಏನೂ ಮಾಡದೆ, ಇದ್ದ ಹಾಗೇ ಹೆಚ್ಚಿದ ಮೊದಲ ದಿನ ಅಕ್ಕ 11 ಸಲ ಒರೆಸಿಕೊಂಡಳು.

ಅಡುಗೆಮನೆಯಲ್ಲಿ ಒಲೆಯ ಮೇಲೆ ಒಂದು ಎಕ್ಸಾಸ್ಟ್ ಫ್ಯಾನ್ ಮೊದಲೇ ಇತ್ತು. ಅದು ಜೋರಾಗಿಯೇ ತಿರುಗುತ್ತದೆ. ಹಾಗಿದ್ದರೂ ಏಳು ಅಡಿ ದೂರ ಕೂತ ಅಕ್ಕನಿಗೆ ಅದರಿಂದ ಒಂದು ಚೂರೂ ಉಪಯೋಗ ಇಲ್ಲ. ಯಾಕೆ ಅನ್ನುವುದು ಆಮೇಲೆ ಹೊಳೆಯಿತು, ಅಲ್ಲಿಗೆ ಬರುತ್ತೇನೆ.

ಮೊದಲ ಪ್ರಯತ್ನ ನಾಚಿಕೆಗೇಡು. 12 ವೋಲ್ಟಿನ, 12 ಸೆಂಟಿಮೀಟರ್ ಅಗಲದ ಒಂದು ಕಂಪ್ಯೂಟರ್ ಫ್ಯಾನನ್ನು ಚಿಕ್ಕಮ್ಮನ ಮೇಜಿನ ಮೇಲೆ, ಮಣೆಯ ಆಚೆ ಬದಿಗೆ, ಅವರ ಕಡೆಗೆ ಊದುವ ಹಾಗೆ ಇಟ್ಟೆ. ಮುಖಕ್ಕೆ ತಣ್ಣನೆ ಗಾಳಿ ಬಂದರೆ ಹಾಯಾಗಿರುತ್ತದೆ ಅಂದುಕೊಂಡೆ. ಗಾಳಿ ಈರುಳ್ಳಿಯ ಮೇಲೆ ಹಾದು ನೇರ ಕಣ್ಣಿಗೆ ಹೋಯಿತು. ಅರ್ಧ ಈರುಳ್ಳಿ ಮುಗಿಯುವ ಮುಂಚೆಯೇ ಚಿಕ್ಕಮ್ಮ ಚಾಕು ಇಟ್ಟು ಎದ್ದುಹೋದರು.

ಸರಿ, ಹಾಗಾದರೆ ಉಲ್ಟಾ ಮಾಡೋಣ. ಬೆನ್ನ ಹಿಂದಿನಿಂದ ಕಿಟಕಿ ಕಡೆಗೆ ಊದುವ ಹಾಗೆ ಒಂದು ಟೇಬಲ್ ಫ್ಯಾನ್ ಇಟ್ಟೆ. ಇದು ಕೆಲಸ ಮಾಡಲೇಬೇಕಿತ್ತು. ಮಾಡಲಿಲ್ಲ. ಮಣೆಯ ಹತ್ತಿರ ಒಂದು ಊದುಬತ್ತಿ ಹಿಡಿದು ನೋಡಿದೆ. ಹೊಗೆ ಕಿಟಕಿಗೆ ಹೋಗುವ ಬದಲು ಚಿಕ್ಕಮ್ಮನ ಎದೆಯ ಮುಂದೆ ಸುರುಳಿ ಸುತ್ತಿ ಗಲ್ಲದ ಕಡೆಗೆ ಏರುತ್ತಿತ್ತು. ಹೊಳೆಯಲ್ಲಿ ಕಲ್ಲಿನ ಹಿಂದೆ ನೀರು ಸುಳಿಯುತ್ತದಲ್ಲ, ಹಾಗೆ. ಬೆನ್ನಿಗೆ ಗಾಳಿ ಬಿದ್ದರೆ ಮೈಯೇ ಆ ಕಲ್ಲು. ಗಾಳಿ ಎರಡೂ ಪಕ್ಕದಿಂದ ಸುತ್ತಿಬಂದು ಮೈ ಮುಂದೆ ಸುಳಿಯುತ್ತದೆ. ಈರುಳ್ಳಿ ಇರುವುದೂ ಅಲ್ಲೇ.

ಊದುಬತ್ತಿಯ ಬಗ್ಗೆ ಒಂದು ಎಚ್ಚರಿಕೆ. ಅದರ ಹೊಗೆ ಬಿಸಿ, ಗಾಳಿ ಇಲ್ಲದಿದ್ದರೂ ತಾನೇ ಮೇಲೆ ಏರುತ್ತದೆ. ಏರಿತು ಅಂತ ಗಾಬರಿಯಾಗಬೇಡಿ. ಯಾವ ಪಕ್ಕಕ್ಕೆ ಬಾಗುತ್ತದೆ, ಎಲ್ಲಿ ಸುಳಿಯುತ್ತದೆ ಅನ್ನುವುದನ್ನು ಮಾತ್ರ ನೋಡಿ.

ಊದುವುದು ಬೇಡ, ಬೆಸುಗೆ ಮೇಜಿನ ಹಾಗೆ ಎಳೆಯುವುದೇ ಸರಿ ಅಂತ ಮೂರನೇ ಸಲಕ್ಕೆ ತೀರ್ಮಾನ ಮಾಡಿದೆ. ಫ್ಯಾನನ್ನು ತಿರುಗಿಸಿ, ಎಳೆಯುವ ಬಾಯಿ ಮಣೆಯ ಕಡೆ ಬರುವ ಹಾಗೆ ಒಂದು ಅಡಿ ದೂರ ಇಟ್ಟೆ. ಊದುಬತ್ತಿಯ ಹೊಗೆ ಅಲುಗಾಡಲೇ ಇಲ್ಲ. ಫ್ಯಾನಿನ ಹತ್ತಿರ ತಂದೆ, ಇನ್ನೂ ಇಲ್ಲ. ನಾಲ್ಕು ಬೆರಳಷ್ಟು ದೂರಕ್ಕೆ ಬಂದಾಗ ಸರ್ರನೆ ಒಳಗೆ ಹೋಯಿತು.

ಎಕ್ಸಾಸ್ಟ್ ಫ್ಯಾನಿನ ಗುಟ್ಟೂ ಇಲ್ಲೇ ಇತ್ತು. ಫ್ಯಾನ್ ಊದುವಾಗ ಗಾಳಿ ಒಂದೇ ದಿಕ್ಕಿಗೆ ಕೋಲಿನ ಹಾಗೆ ದೂರ ಹೋಗುತ್ತದೆ. ಎಳೆಯುವಾಗ ಹಾಗಲ್ಲ, ಸುತ್ತಮುತ್ತ ಎಲ್ಲ ಕಡೆಯಿಂದಲೂ ಎಳೆದುಕೊಳ್ಳುತ್ತದೆ. ಹಾಗಾಗಿ ಬಾಯಿಯ ಅಗಲದಷ್ಟು ದೂರ ಹೋಗುವಷ್ಟರಲ್ಲಿ ಎಳೆತ ಹತ್ತರಲ್ಲಿ ಒಂದು ಭಾಗಕ್ಕೆ ಇಳಿದಿರುತ್ತದೆ. ಉರಿಯುವ ಬತ್ತಿಯನ್ನು ಊದಿ ಆರಿಸಬಹುದು. ಅಷ್ಟೇ ದೂರದಿಂದ ಉಸಿರು ಎಳೆದುಕೊಂಡು ಆರಿಸಿ ನೋಡೋಣ! 12 ಸೆಂಟಿಮೀಟರ್ ಫ್ಯಾನಿಗೆ 12 ಸೆಂಟಿಮೀಟರ್ ದಾಟಿದರೆ ಕೆಲಸ ಇಲ್ಲ. ಹತ್ತಿರ ಇಡಬೇಕು, ಇಲ್ಲವೇ ಗಾಳಿ ಬೇರೆ ಕಡೆಯಿಂದ ನುಗ್ಗದ ಹಾಗೆ ಸುತ್ತ ಮುಚ್ಚಬೇಕು. ನಾನು ಎರಡನ್ನೂ ಮಾಡಿದೆ.

ಮೊದಲು ರಟ್ಟಿನಲ್ಲಿ, ಆಮೇಲೆ ಪ್ಲೈವುಡ್ಡಿನಲ್ಲಿ ಒಂದು ಪೆಟ್ಟಿಗೆ. ದೇವರ ಮಂಟಪದ ಹಾಗೆ ಅಂದುಕೊಳ್ಳಿ. ಎರಡು ಪಕ್ಕ, ಮೇಲೊಂದು ಮಾಡು, ಹಿಂದೊಂದು ಹಲಗೆ, ಮುಂದೆ ಮಾತ್ರ ತೆರೆದ ಬಾಯಿ. ಬಾಯಿಯ ಅಗಲ 16 ಇಂಚು, ಎತ್ತರ 9 ಇಂಚು. ಒಳಗೆ ಮಣೆ ಹಿಡಿಸುತ್ತದೆ, ಎರಡು ಕೈ ಆರಾಮಾಗಿ ಆಡುತ್ತವೆ. ಮಾಡಿಗೆ ಪ್ಲೈವುಡ್ ಹಾಕಿದರೆ ಈರುಳ್ಳಿ ಕಾಣುವುದಿಲ್ಲ, ಬೆರಳು ಹೋಗುತ್ತದೆ. ಅದಕ್ಕೆ ಅಲ್ಲಿ ಮಾತ್ರ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊಡೆದೆ. ಹಿಂದಿನ ಹಲಗೆಯಲ್ಲಿ ಪಕ್ಕಪಕ್ಕ ಎರಡು ತೂತು, ಎರಡು ಫ್ಯಾನ್. ಈ ಅಳತೆಯ ಫ್ಯಾನಿಗೆ ಸ್ಕ್ರೂ ತೂತುಗಳ ನಡುವೆ 105 ಮಿಲಿಮೀಟರ್ ಇರುತ್ತದೆ. ಮೊದಲೇ ಗುರುತು ಹಾಕಿಕೊಂಡರೆ ಒಂದೇ ಸಲಕ್ಕೆ ಕೂರುತ್ತದೆ.

ಎರಡು ಫ್ಯಾನ್ ಸಾಕೇ? ಸುಮಾರಾದ ಲೆಕ್ಕ ಹೀಗೆ. ನನ್ನ ಹತ್ತಿರ ಇದ್ದ ಹಳೇ ಫ್ಯಾನ್ ಒಂದೊಂದೂ ನಿಮಿಷಕ್ಕೆ 40 ಘನ ಅಡಿ ಗಾಳಿ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ಎರಡಕ್ಕೆ 80. ಬಾಯಿ ಸರಿಯಾಗಿ ಒಂದು ಚದರ ಅಡಿ. ಅಂದರೆ ಬಾಯಲ್ಲಿ ಗಾಳಿ ನಿಮಿಷಕ್ಕೆ 80 ಅಡಿ ಓಡುತ್ತದೆ. ಲ್ಯಾಬುಗಳಲ್ಲಿ ಕೆಟ್ಟ ಆವಿ ಎಳೆಯುವ ಗೂಡುಗಳಿಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವುದು ನಿಮಿಷಕ್ಕೆ 100 ಅಡಿಯ ಆಸುಪಾಸು. ಈರುಳ್ಳಿಗೆ 80 ಸಾಕು. ಬಾಯಿಯನ್ನು ಇನ್ನೂ ದೊಡ್ಡದು ಮಾಡಿದ್ದರೆ ಅಷ್ಟೂ ನಿಧಾನವಾಗುತ್ತಿತ್ತು. ಬಾಯಿ ಚಿಕ್ಕದಿರುವುದೇ ಇದರ ಜೀವ.

ಕರೆಂಟಿಗೆ ಹಳೇ ವೈಫೈ ರೌಟರಿನ 12 ವೋಲ್ಟ್, 1 ಆಂಪಿಯರ್ ಅಡಾಪ್ಟರ್. ಫ್ಯಾನಿನ ಮೇಲೆ 0.25 ಆಂಪಿಯರ್ ಅಂತ ಬರೆದಿತ್ತು, ಎರಡಕ್ಕೂ ಸೇರಿ ಅರ್ಧ. ನನ್ನ ಫ್ಯಾನಿನಲ್ಲಿ ಕೆಂಪು ಪಾಸಿಟಿವ್, ಕಪ್ಪು ನೆಗೆಟಿವ್, ಹಳದಿ ವೇಗ ತಿಳಿಸುವ ವೈರು. ಹಳದಿಯನ್ನು ಕತ್ತರಿಸಿ ಟೇಪ್ ಸುತ್ತಿಬಿಟ್ಟೆ. ಎಲ್ಲ ಫ್ಯಾನಿನಲ್ಲೂ ಬಣ್ಣ ಹೀಗೇ ಇರುವುದಿಲ್ಲ, ಅದರ ಮೇಲಿನ ಚೀಟಿ ನೋಡಿ. ಅಡಾಪ್ಟರ್ ಮಾತ್ರ ಗೋಡೆಯ ಪ್ಲಗ್ಗಿನಲ್ಲೇ, ಮೇಲೆ ಇರಲಿ. ಒದ್ದೆ ಮೇಜಿನ ಹತ್ತಿರಕ್ಕೆ ಬರುವುದು 12 ವೋಲ್ಟಿನ ವೈರು ಅಷ್ಟೇ.

ಇಲ್ಲಿ ಇನ್ನೊಂದು ಸಲ ಎಡವಿದೆ. ಮೇಜಿನಿಂದ ಕಿಟಕಿ ಆರು ಅಡಿ ದೂರ. ಮನೆಯಲ್ಲಿ ಮೂರು ಇಂಚಿನ ಪಿವಿಸಿ ಪೈಪ್ ಬಿದ್ದಿತ್ತು. ಎರಡು ಎಲ್ಬೋ ಹಾಕಿ, ಪೆಟ್ಟಿಗೆಯ ಬೆನ್ನಿಂದ ಕಿಟಕಿಯ ಹೊರಗೆ ತನಕ ಚೆಂದವಾಗಿ ಎಳೆದೆ. ಫ್ಯಾನ್ ಹಾಕಿದರೆ ಸದ್ದು ಬಂತು, ಗಾಳಿ ಬರಲಿಲ್ಲ. ಪೈಪಿನ ತುದಿಗೆ ಟಿಶ್ಯೂ ಪೇಪರ್ ಹಿಡಿದರೆ ಸುಮ್ನೆ ನೇತಾಡುತ್ತಿತ್ತು. ಕಂಪ್ಯೂಟರ್ ಫ್ಯಾನಿಗೆ ಅಡೆತಡೆ ಇಲ್ಲದಿದ್ದರೆ ತುಂಬಾ ಗಾಳಿ, ಸ್ವಲ್ಪ ತಡೆ ಬಂದರೂ ಕೈ ಚೆಲ್ಲುತ್ತದೆ. ಸಣ್ಣ ಪೈಪಿಗೆ, ತಿರುವಿಗೆ ಗಾಳಿ ನೂಕುವ ಶಕ್ತಿ ಅದಕ್ಕಿಲ್ಲ. ಪೈಪು ಕಿತ್ತು ಮೇಜನ್ನೇ ಕಿಟಕಿಗೆ ತಳ್ಳಿದೆ. ಫ್ಯಾನಿನ ಬೆನ್ನು ಈಗ ನೇರ ಕಿಟಕಿಯ ಸರಳಿಗೆ ತಾಗಿಕೊಂಡಿದೆ. ಊದುಬತ್ತಿ ಒಳಗೆ ಹಿಡಿದರೆ ಹೊಗೆ ಮಲಗಿಕೊಂಡು ಹಿಂದಕ್ಕೆ ಓಡುತ್ತದೆ, ಒಂದು ಎಳೆಯೂ ಬಾಯಿಂದ ಈಚೆ ಬರುವುದಿಲ್ಲ.

ಚಿಕ್ಕಮ್ಮ ಆ ದಿನ ಒಂದು ಕೆಜಿಗೆ ನಾಲ್ಕು ಸಲ ಕಣ್ಣೊರೆಸಿಕೊಂಡರು. ಪೆಟ್ಟಿಗೆ ಇಲ್ಲದೆ ಅವರದೂ ಹತ್ತರ ಹತ್ತಿರ ಇತ್ತು. ನನಗೆ ಖುಷಿ. ಆದರೂ ನಾಲ್ಕು ಯಾಕೆ? ಹೊಗೆ ಪೂರ್ತಿ ಹೋಗುತ್ತಿದೆಯಲ್ಲ.

ಪಕ್ಕದಲ್ಲಿ ನಿಂತು ನೋಡಿದಾಗ ಎರಡು ಕಾರಣ ಕಂಡವು. ಒಂದು, ಹೆಚ್ಚಿದ್ದನ್ನೆಲ್ಲ ಅವರು ಪಕ್ಕದ ತೆರೆದ ಬೇಸಿನ್‌ಗೆ ಸುರಿಯುತ್ತಿದ್ದರು. ಹೆಚ್ಚಿದ ಮೇಲೂ ಈರುಳ್ಳಿಯಿಂದ ಆವಿ ಬರುತ್ತಲೇ ಇರುತ್ತದೆ. ಆ ರಾಶಿ ಅವರ ಗಲ್ಲದ ಕೆಳಗೇ ಇತ್ತು. ಅದಕ್ಕೆ ಮುಚ್ಚಳ ಇರುವ ಡಬ್ಬ ಕೊಟ್ಟೆ. ಎರಡನೆಯದು ಚಾಕು. ಮಣೆ ಪೂರ್ತಿ ಒದ್ದೆ, ಬಿಳಿ ರಸ ಹರಿಯುತ್ತಿತ್ತು. ಈರುಳ್ಳಿ ಕುಯ್ಯುತ್ತಿರಲಿಲ್ಲ, ಜಜ್ಜಿ ಹರಿಯುತ್ತಿತ್ತು. ಚಾಕುವಿನ ಅಂಚನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಹರಿತವಾದ ಅಂಚು ಕಣ್ಣಿಗೆ ಕಾಣುವುದೇ ಇಲ್ಲ. ಮೊಂಡಾಗಿದ್ದರೆ ಬಿಳಿ ಗೆರೆಯಾಗಿ ಮಿಂಚುತ್ತದೆ. ಇದು ತುದಿಯಿಂದ ಹಿಡಿಯ ತನಕ ಮಿಂಚುತ್ತಿತ್ತು.

ಮೊಂಡು ಚಾಕು ಎರಡು ಕೆಟ್ಟ ಕೆಲಸ ಮಾಡುತ್ತದೆ. ಒಂದು ಸಾಲು ಜೀವಕೋಶ ಕುಯ್ಯುವ ಜಾಗದಲ್ಲಿ ಹತ್ತು ಸಾಲು ಜಜ್ಜುತ್ತದೆ. ಜೊತೆಗೆ ರಸವನ್ನು ಸಿಡಿಸುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಅತಿ ವೇಗದ ಕ್ಯಾಮೆರಾ ಇಟ್ಟು ಈರುಳ್ಳಿ ಕುಯ್ಯುವುದನ್ನು ಚಿತ್ರ ತೆಗೆದರು, 2025ರಲ್ಲಿ ಪ್ರಕಟಿಸಿದರು. ಮೊಂಡು ಅಲಗು ಪದರವನ್ನು ಕುಯ್ಯುವ ಮುಂಚೆ ಒತ್ತಿ ಬಗ್ಗಿಸುತ್ತದೆ. ಒಳಗೆ ಒತ್ತಡ ಕಟ್ಟಿಕೊಂಡು, ಸಿಪ್ಪೆ ಹರಿದ ಕೂಡಲೇ ಸಣ್ಣ ಸಣ್ಣ ಹನಿ ಚಿಮ್ಮುತ್ತವೆ. ಅಲಗು ಹರಿತವಾಗಿದ್ದು, ನಿಧಾನವಾಗಿ ಕುಯ್ದರೆ ಹನಿ ಕಡಿಮೆ ಅಂತ ಅವರು ಕಂಡುಕೊಂಡರು. ಬೇಗ ಮುಗಿಸಿಬಿಡೋಣ ಅಂತ ಟಪಟಪ ಹೊಡೆಯುವುದು ಉಲ್ಟಾ ಪರಿಣಾಮ.

ಚಾಕುವನ್ನು ನೀರು ಹಾಕಿದ ಸಾಣೆಕಲ್ಲಿನ ಒರಟು ಮೈಯಲ್ಲಿ, ಆಮೇಲೆ ನಯ ಮೈಯಲ್ಲಿ ಉಜ್ಜಿದೆ. ಒಂದು ಪಕ್ಕ ಉಜ್ಜುತ್ತಾ ಹೋದರೆ ಆಚೆ ಪಕ್ಕದ ಅಂಚಲ್ಲಿ ಸಣ್ಣ ತರಿ ಎದ್ದಿದ್ದು ಬೆರಳಿಗೆ ಗೊತ್ತಾಗುತ್ತದೆ. ಅದು ಉದ್ದಕ್ಕೂ ಎದ್ದ ಮೇಲೆ ಮಾತ್ರ ಪಕ್ಕ ಬದಲಾಯಿಸಬೇಕು. ಟೊಮ್ಯಾಟೊ ಸಿಪ್ಪೆ ಒತ್ತದೆ ಕುಯ್ದರೆ ಸಾಕು ಅಂತ ಅರ್ಥ. ಮಾರನೇ ದಿನ ಹರಿತ ಚಾಕು, ಪೆಟ್ಟಿಗೆ, ಮುಚ್ಚಿದ ಡಬ್ಬ. ಒಂದು ಸಲ ಒರೆಸಿಕೊಂಡರು. ಮಣೆಯೂ ಹೆಚ್ಚುಕಡಿಮೆ ಒಣಗಿಯೇ ಇತ್ತು.

ಇಷ್ಟೆಲ್ಲ ಆದ ಮೇಲೆ ಅಕ್ಕ ಪೆಟ್ಟಿಗೆ ನೋಡಿ ಅಂದಳು: "ಚೆನ್ನಾಗೈತೆ ಕಣ್ಲಾ. ನಾನು ಮಾತ್ರ ನಿಂತ್ಕೊಂಡು ಕುಯ್ಯಕ್ಕಿಲ್ಲ." ಇಪ್ಪತ್ತು ವರ್ಷ ಈಳಿಗೆಮಣೆಯಲ್ಲಿ ಕೂತವಳು. ಅವಳ ವೇಗಕ್ಕೆ ಚಾಕು ಸಾಟಿಯಿಲ್ಲ, ಅದೂ ನಿಜ. ಕಣ್ಣೀರಿನ ಲೆಕ್ಕದಲ್ಲಿ ಮಾತ್ರ ಈಳಿಗೆಯಷ್ಟು ಕೆಟ್ಟದ್ದು ಇಲ್ಲ. ಮುಖ ಬಗ್ಗಿ ಅಲಗಿನ ನೇರ ಮೇಲೆ ಇರುತ್ತದೆ. ಮೈಬಿಸಿಗೆ ಗಾಳಿ ಎದೆಯ ಉದ್ದಕ್ಕೂ ಮೇಲೇರುತ್ತಾ ಆವಿಯನ್ನೂ ಮುಖಕ್ಕೆ ಹೊತ್ತುಕೊಂಡು ಹೋಗುತ್ತದೆ. ಪೆಟ್ಟಿಗೆಯೊಳಗೆ ಈಳಿಗೆ ಇಡಲು ಆಗುವುದಿಲ್ಲ.

ಅವಳಿಗೆ ಎಳೆಯುವುದು ಬಿಟ್ಟು ಊದುವುದೇ ಸರಿ ಅನ್ನಿಸಿತು, ದೂರಕ್ಕೆ ಮುಟ್ಟುವುದು ಅದೇ ತಾನೇ. ಮುಂದೂ ಬೇಡ, ಹಿಂದೂ ಬೇಡ, ಪಕ್ಕದಿಂದ. ಅವಳ ಎಡಕ್ಕೆ ನಾಲ್ಕು ಅಡಿ ದೂರದಲ್ಲಿ ಟೇಬಲ್ ಫ್ಯಾನನ್ನು ನೆಲದ ಮೇಲಿಟ್ಟು, ಒಂದನೇ ಸ್ಪೀಡಿಗೆ ಹಾಕಿ, ಗಾಳಿ ಅಲಗಿನ ಎತ್ತರದಲ್ಲಿ ಹಾದು ಬಲಗಡೆಯ ಹಿತ್ತಲ ಬಾಗಿಲಿಗೆ ಹೋಗುವ ಹಾಗೆ ಮಾಡಿದೆ. ಬಾಗಿಲು ತೆರೆದಿರಲೇಬೇಕು, ಮುಚ್ಚಿದ್ದರೆ ಆವಿ ಕೋಣೆ ಸುತ್ತಿ ಐದು ನಿಮಿಷಕ್ಕೆ ವಾಪಸ್ ಬರುತ್ತದೆ. ಫ್ಯಾನಿನ ದಾರಿಯಲ್ಲಿ ಒಲೆ ಇರಬಾರದು. ಸಣ್ಣ ಉರಿ ಆರಿಹೋಗಿ ಗ್ಯಾಸ್ ಮಾತ್ರ ಬರುತ್ತಿದ್ದರೆ ಕಣ್ಣೀರಿಗಿಂತ ದೊಡ್ಡ ತೊಂದರೆ.

ಈಳಿಗೆಯ ಅಲಗಿಗೂ ಸಾಣೆ ಬೇಕಿತ್ತು. ಅವಸರದಲ್ಲಿ ಗ್ರೈಂಡರಿಗೆ ಕೊಟ್ಟಿದ್ದು ನನ್ನದೇ ತಪ್ಪು. ಬಿಸಿಯಾಗಿ ಅಂಚು ನೀಲಿ ತಿರುಗಿತು. ಹಾಗಾದರೆ ಕಬ್ಬಿಣದ ಹದ ಹೋಯಿತು ಅಂತಲೇ. ನಾಲ್ಕೇ ದಿನಕ್ಕೆ ಮತ್ತೆ ಮೊಂಡಾಯಿತು. ನೀಲಿ ಹೋಗುವ ತನಕ ಅರದಿಂದ ಕೈಯಲ್ಲೇ ಸವೆಸಿ, ಕಲ್ಲಲ್ಲಿ ನಯ ಮಾಡಬೇಕಾಯಿತು. ಫ್ಯಾನ್ ಇಲ್ಲದೆ, ಹರಿತ ಈಳಿಗೆಯಲ್ಲಿ ಅಕ್ಕನ ಲೆಕ್ಕ 11ರಿಂದ 6ಕ್ಕೆ ಇಳಿಯಿತು. ಪಕ್ಕದ ಫ್ಯಾನ್ ಸೇರಿದ ಮೇಲೆ 3.

ನಡುವೆ ಬೇರೆಯವೂ ನೋಡಿದೆವು. ಈರುಳ್ಳಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಕಿಣ್ವದ ಕೆಲಸವೂ ಆವಿ ಏಳುವುದೂ ನಿಧಾನ, ಒಂದೆರಡು ಈರುಳ್ಳಿಗೆ ಗುಣ ಕಾಣುತ್ತದೆ. ಐದು ಕೆಜಿಗೆ ಅಕ್ಕನ ಫ್ರಿಜ್ಜಲ್ಲಿ ಜಾಗ ಇಲ್ಲ. ಅರ್ಧಕ್ಕೆ ಸೀಳಿ ನೀರಿಗೆ ಹಾಕಿದರೆ ಸೀಳಿದ ಮೈ ತೊಳೆದುಹೋಗುತ್ತದೆ, ಮುಂದಿನ ಕುಯ್ತಕ್ಕೆ ಹೊಸ ಜೀವಕೋಶ ಒಡೆಯುತ್ತವೆ, ಮತ್ತೆ ಅದೇ ಕಥೆ. ಜೊತೆಗೆ ಕೈ ಜಾರುತ್ತದೆ, ಒಗ್ಗರಣೆಯಲ್ಲಿ ಕೆಂಪಗಾಗಲು ಹೊತ್ತು ಹಿಡಿಯುತ್ತದೆ. ಈಜುವಾಗ ಹಾಕುವ ಕನ್ನಡಕ ನಿಜಕ್ಕೂ ಪೂರ್ತಿ ತಡೆಯುತ್ತದೆ, ಸೊನ್ನೆ ಸಲ. ಒಲೆ ಹೊತ್ತಿರುವ ಅಡುಗೆಮನೆಯಲ್ಲಿ ಹತ್ತು ನಿಮಿಷಕ್ಕೆ ಮಂಜು ಕಟ್ಟಿತು, ಚಿಕ್ಕಮ್ಮ ಅದನ್ನು ಹಾಕಿಕೊಂಡು ಗಿರಾಕಿಗಳ ಎದುರಿಗೆ ಹೋಗಲೂ ಒಪ್ಪಲಿಲ್ಲ.

ಪೆಟ್ಟಿಗೆಗೆ ಈಗ ಎರಡು ತಿಂಗಳು. ಮೊದಲ ವಾರದಲ್ಲೇ ಈರುಳ್ಳಿ ಸಿಪ್ಪೆ ಹಾರಿ ಫ್ಯಾನಿನ ರೆಕ್ಕೆಗೆ ಸಿಕ್ಕಿ ಕಟಕಟ ಅನ್ನತೊಡಗಿತು. ಸೊಳ್ಳೆ ಪರದೆಯ ಬಲೆ ಅಡ್ಡ ಹೊಡೆದೆ. ಆ ಬಲೆಗೆ ಎಣ್ಣೆ, ಸಿಪ್ಪೆ ಅಂಟಿ ಹತ್ತು ದಿನಕ್ಕೆ ಕಣ್ಣು ಮುಚ್ಚಿಹೋಯಿತು, ಚಿಕ್ಕಮ್ಮ ಮತ್ತೆ ಕಣ್ಣೊರೆಸಿಕೊಳ್ಳಲು ಶುರು ಮಾಡಿದ ಮೇಲೇ ನನಗೆ ಗೊತ್ತಾಗಿದ್ದು. ಈಗ ಬಲೆಯನ್ನು ನಾಲ್ಕು ಕೊಕ್ಕೆಗೆ ಸಿಕ್ಕಿಸಿದ್ದೇನೆ. ಸೋಮವಾರ ಸಂಜೆ ಪಾತ್ರೆ ಜೊತೆ ಅದನ್ನೂ ಸೋಪು ಹಾಕಿ ತೊಳೆಯುತ್ತಾರೆ. ಸಿಪ್ಪೆಯನ್ನು ಮೊದಲೇ ಹೊರಗೆ ಸುಲಿದುಕೊಂಡು ಬರೀ ಗಡ್ಡೆ ಒಳಗೆ ತೆಗೆದುಕೊಂಡರೆ ಬಲೆ ಇನ್ನೂ ಒಂದು ವಾರ ಜಾಸ್ತಿ ತಡೆಯುತ್ತದೆ.